ಆಟ ಆಡುವಾಗ ಮಾತ್ರ ನೀಲಿ: ತಪ್ಪು ಯಾರದು?

"ಮಾವ, ಬೆಳಗ್ಗೆಯಿಂದ ಸಂಜೆವರೆಗೂ ಏನೂ ಆಗಲ್ಲ. ಕಾಲೇಜಿನ ಪ್ರಾಜೆಕ್ಟ್ ಮಾಡ್ತೀನಿ, ಸಿನಿಮಾ ನೋಡ್ತೀನಿ, ಎಲ್ಲ ಸರಿ ಇರತ್ತೆ. ಆಟ ಹಾಕಿ ಮುಕ್ಕಾಲು ಗಂಟೆ ಆಯ್ತು ಅಂದ್ರೆ ನೀಲಿ ಬಂದು ನಿಂತುಬಿಡತ್ತೆ."

ಶಿವಮೊಗ್ಗದಿಂದ ತಂಗಿಯ ಮಗ ಫೋನ್ ಮಾಡಿದಾಗ ಅವನ ದನಿಯಲ್ಲಿ ಸುಸ್ತು ಕೇಳುತ್ತಿತ್ತು. ಅಷ್ಟರಲ್ಲಾಗಲೇ ಅಂಗಡಿಯವರು "ಎಸ್‌ಎಂಪಿಎಸ್ ಹೋಗಿದೆ" ಎಂದು ಹೊಸದನ್ನು ಹಾಕಿಕೊಟ್ಟಿದ್ದರು. ನಾಲ್ಕು ಸಾವಿರ ರೂಪಾಯಿ ಹೋಗಿತ್ತು, ನೀಲಿ ಹೋಗಿರಲಿಲ್ಲ. ಗೆಳೆಯನೊಬ್ಬ ಡ್ರೈವರ್ ಬದಲಿಸು ಎಂದಿದ್ದ. ಇನ್ನೊಬ್ಬ ಗ್ರಾಫಿಕ್ಸ್ ಕಾರ್ಡೇ ಸುಟ್ಟಿರಬೇಕು ಎಂದು ಹೆದರಿಸಿದ್ದ. ಒಬ್ಬೊಬ್ಬರೂ ಒಂದೊಂದು ಭಾಗದತ್ತ ಬೆರಳು ತೋರಿಸುತ್ತಿದ್ದರು. ಕಂಪ್ಯೂಟರ್ ತಾನೇ ಬರೆದಿಟ್ಟ ದಾಖಲೆಯನ್ನು ಮಾತ್ರ ಯಾರೂ ಓದಿರಲಿಲ್ಲ.

ಆಟದ ಹೊತ್ತಿನಲ್ಲಷ್ಟೇ ಬರುವ ನೀಲಿ ತೆರೆಗೆ ಹೆಚ್ಚಾಗಿ ಮೂವರ ಮೇಲೆ ಅನುಮಾನ ಬೀಳುತ್ತದೆ: ರ್‍ಯಾಮ್, ಡ್ರೈವರ್, ಎಸ್‌ಎಂಪಿಎಸ್. ಮೂರೂ ಕೆಡುವ ಬಗೆ ಬೇರೆ, ಬಿಟ್ಟುಹೋಗುವ ಗುರುತೂ ಬೇರೆ. ಒಂದೇ ನೀಲಿ ತೆರೆಯನ್ನು ನೋಡಿ ಇವನ್ನು ಬೇರ್ಪಡಿಸಲಾಗುವುದಿಲ್ಲ. ಐದಾರನ್ನು ಸಾಲಾಗಿಟ್ಟು ನೋಡಿದರೆ ಬಹುಮಟ್ಟಿಗೆ ಬೇರ್ಪಡಿಸಬಹುದು.

ಆಟದಲ್ಲೇ ಏಕೆ?

ಬ್ರೌಸರ್ ತೆರೆದು ಲೇಖನ ಓದುತ್ತಿದ್ದಾಗ ಕಂಪ್ಯೂಟರ್ ಅರೆನಿದ್ದೆಯಲ್ಲಿರುತ್ತದೆ. 16 ಜಿಬಿ ರ್‍ಯಾಮ್‌ನಲ್ಲಿ ಐದಾರು ಜಿಬಿ ತುಂಬಿರುತ್ತದೆ. ಇಡೀ ಯಂತ್ರ ಎಳೆಯುವ ಕರೆಂಟ್ ಎಪ್ಪತ್ತು, ಎಂಬತ್ತು ವ್ಯಾಟ್ ಇರಬಹುದು. ದೊಡ್ಡ ಆಟ ಶುರುವಾದೊಡನೆ ಚಿತ್ರ ಬೇರೆಯಾಗುತ್ತದೆ. ರ್‍ಯಾಮ್ ಹನ್ನೆರಡು ಹದಿಮೂರು ಜಿಬಿವರೆಗೆ ತುಂಬುತ್ತದೆ, ಗ್ರಾಫಿಕ್ಸ್ ಡ್ರೈವರ್‌ಗೆ ಬಿಡುವಿಲ್ಲದ ಕೆಲಸ ಬೀಳುತ್ತದೆ, ಕರೆಂಟ್ ಮುನ್ನೂರು ನಾನೂರು ವ್ಯಾಟ್‌ಗೆ ಏರುತ್ತದೆ, ಕ್ಯಾಬಿನೆಟ್‌ನೊಳಗೆ ಕಾವು ಕೂಡುತ್ತದೆ. ಮೂವರು ಅನುಮಾನಿತರಿಗೂ ಒಟ್ಟಿಗೇ ಪರೀಕ್ಷೆ. ಹಾಗಾಗಿ "ಆಟದಲ್ಲಿ ಮಾತ್ರ" ಎಂಬ ಲಕ್ಷಣದಿಂದ ಗ್ರಾಫಿಕ್ಸ್ ಕಾರ್ಡೇ ಕೆಟ್ಟಿದೆ ಎಂದು ತೀರ್ಮಾನಿಸಲಾಗದು. ಎಲ್ಲೋ ಒಂದು ಕಡೆ ಬಲ ಕಡಿಮೆಯಿದೆ ಎಂದಷ್ಟೇ ಅದು ಹೇಳುತ್ತದೆ.

ರ್‍ಯಾಮ್‌ನ ವಿಷಯದಲ್ಲಿ ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 16 ಜಿಬಿ ಎಂದರೆ ಸುಮಾರು 13,700 ಕೋಟಿ ಬಿಟ್‌ಗಳು. ಒಂದೊಂದು ಬಿಟ್‌ಗೂ ಒಂದೊಂದು ಅತಿ ಚಿಕ್ಕ ಕೆಪಾಸಿಟರ್. ಅದರಲ್ಲಿ ತುಂಬಿದ ವಿದ್ಯುತ್ ಸದಾ ಸೋರುತ್ತಿರುತ್ತದೆ, ಆದ್ದರಿಂದ ಸೆಕೆಂಡಿಗೆ ಹಲವು ಸಲ ಮರಳಿ ತುಂಬಿಸುತ್ತಿರಬೇಕು. ಡಿಡಿಆರ್4 ರ್‍ಯಾಮ್‌ನಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಸಾಲುಗಳಿಗೂ ಈ ಮರುಪೂರಣ ನಡೆಯುತ್ತದೆ. ಬಿಸಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ತಣ್ಣಗಿದ್ದಾಗ ಹೇಗೋ ಹಿಡಿದುಕೊಂಡಿದ್ದ ದುರ್ಬಲ ಬಿಟ್ ಒಂದು, ಮುಕ್ಕಾಲು ಗಂಟೆಯ ಆಟದ ಬಿಸಿಗೆ ಕೈಬಿಡಬಹುದು. ಜೊತೆಗೆ ರ್‍ಯಾಮ್ ಎಷ್ಟು ತುಂಬಿರುತ್ತದೋ ಆ ತೂತಿನ ಮೇಲೆ ಯಾವುದಾದರೂ ಮುಖ್ಯ ದತ್ತಾಂಶ ಬಂದು ಕೂರುವ ಸಂಭವವೂ ಅಷ್ಟು ಹೆಚ್ಚುತ್ತದೆ.

ಮೊದಲ ಪ್ರಶ್ನೆ: ನಿಜವಾಗಿ ನೀಲಿ ಬಂತೇ?

ಹುಡುಗನನ್ನು ನಾನು ಮೊದಲು ಕೇಳಿದ್ದು ಇದನ್ನೇ. ಎಷ್ಟೋ ಜನ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆದರೂ, ದಪ್ಪನೆ ಆಫ್ ಆದರೂ ಎಲ್ಲವನ್ನೂ "ಬ್ಲೂ ಸ್ಕ್ರೀನ್" ಎಂದೇ ಹೇಳುತ್ತಾರೆ. ಈ ಎರಡರ ನಡುವಿನ ವ್ಯತ್ಯಾಸದಲ್ಲೇ ಅರ್ಧ ಉತ್ತರವಿದೆ.

ನೀಲಿ ತೆರೆ ಬರಬೇಕಾದರೆ ವಿಂಡೋಸ್‌ಗೆ ಇನ್ನೂ ಉಸಿರಿರಬೇಕು. ಏನೋ ತಪ್ಪಾಗಿದೆ ಎಂದು ಅದು ಕಂಡುಕೊಂಡು, ಕೆಲಸ ನಿಲ್ಲಿಸಿ, ತೆರೆಯ ಮೇಲೆ ಒಂದು ಹೆಸರು ಬರೆದು, ಒಂದು ಡಂಪ್ ಫೈಲ್ ಉಳಿಸಿ, ಆಮೇಲೆ ರೀಸ್ಟಾರ್ಟ್ ಆಗುತ್ತದೆ. 2025ರಿಂದ ಹೊಸ ವಿಂಡೋಸ್ 11ರಲ್ಲಿ ಈ ತೆರೆಯ ಬಣ್ಣ ಕಪ್ಪಾಗಿದೆ, ಮಿಕ್ಕಿದ್ದು ಹಾಗೇ ಇದೆ. ಕರೆಂಟೇ ಕಡಿದುಹೋದರೆ ಇದಾವುದಕ್ಕೂ ಸಮಯವಿರುವುದಿಲ್ಲ.

ತೆರೆ ಕಣ್ಣಿಗೆ ಬೀಳುವ ಮೊದಲೇ ರೀಸ್ಟಾರ್ಟ್ ಆಗಿಬಿಟ್ಟರೂ ಗುರುತು ಉಳಿದಿರುತ್ತದೆ. ವಿಂಡೋಸ್ ಕೀ ಜೊತೆ R ಒತ್ತಿ ಇದನ್ನು ಟೈಪ್ ಮಾಡಿ:

```
eventvwr.msc
```

Windows Logs ಅಡಿಯಲ್ಲಿ System ತೆರೆದು, ತೊಂದರೆಯಾದ ಹೊತ್ತಿನಲ್ಲಿ ದಾಖಲಾದ Kernel-Power 41 ಎಂಬ ಸಾಲನ್ನು ಹುಡುಕಿ. ಅದರ Details ಭಾಗದಲ್ಲಿ BugcheckCode ಎಂದಿರುತ್ತದೆ. ಅಲ್ಲಿ 0 ಇದ್ದರೆ ವಿಂಡೋಸ್‌ಗೆ ನೀಲಿ ತೆರೆ ತೋರಿಸುವಷ್ಟೂ ಅವಕಾಶ ಸಿಗಲಿಲ್ಲ ಎಂದರ್ಥ. ಬೇರೆ ಸಂಖ್ಯೆ ಇದ್ದರೆ ಅದು ನೀಲಿ ತೆರೆಯ ಕೋಡ್. ಇಲ್ಲಿ ಅದನ್ನು ದಶಮಾನದಲ್ಲಿ ಬರೆದಿರುತ್ತಾರೆ: 26 ಎಂದರೆ 0x1A, 278 ಎಂದರೆ 0x116. ನಾವೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ 41 ದಾಖಲಾಗುತ್ತದೆ, ಅಂಥದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ನಮ್ಮ ಹುಡುಗನ ಕಂಪ್ಯೂಟರ್‌ನಲ್ಲಿ ಎರಡು ವಾರದಲ್ಲಿ ಇಂಥ ಆರು ಸಾಲುಗಳಿದ್ದವು. ಒಂದರಲ್ಲೂ ಸೊನ್ನೆ ಇರಲಿಲ್ಲ. ಎಸ್‌ಎಂಪಿಎಸ್ ಬದಲಿಸುವ ಮೊದಲು ಬಂದ ನಾಲ್ಕರಲ್ಲೂ ಇರಲಿಲ್ಲ. ನಾಲ್ಕು ಸಾವಿರ ಖರ್ಚು ಮಾಡುವ ಮುನ್ನ ಐದು ನಿಮಿಷ ಇದನ್ನು ನೋಡಬಹುದಿತ್ತು ಎಂದು ಮನಸ್ಸಿಗೆ ಬೇಸರವಾಯಿತು.

ಎಸ್‌ಎಂಪಿಎಸ್ ಕೆಟ್ಟರೆ ಹೇಗಿರುತ್ತದೆ

ಎಸ್‌ಎಂಪಿಎಸ್ ಸೋತಾಗ ಹೆಚ್ಚಿನ ಸಲ ತೆರೆಯ ಮೇಲೆ ಏನೂ ಬರುವುದಿಲ್ಲ. ಆಟದಲ್ಲಿ ಸ್ಫೋಟವೋ, ಹೊಸ ದೃಶ್ಯವೋ ಬಂದ ಕ್ಷಣಕ್ಕೆ ಇಡೀ ಯಂತ್ರ ಆಫ್. ಕೆಲವೊಮ್ಮೆ ಹಿಂದಿನ ಸ್ವಿಚ್ ಆರಿಸಿ, ತುಸು ತಡೆದು, ಮತ್ತೆ ಹಾಕಿದರೆ ಮಾತ್ರ ಕಂಪ್ಯೂಟರ್ ಏಳುತ್ತದೆ. ಎಸ್‌ಎಂಪಿಎಸ್ ತನ್ನ ರಕ್ಷಣಾ ವ್ಯವಸ್ಥೆಯಿಂದ ತಾನೇ ಬಾಗಿಲು ಹಾಕಿಕೊಂಡಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ.

ಗ್ರಾಫಿಕ್ಸ್ ಕಾರ್ಡ್ ಕರೆಂಟ್ ಎಳೆಯುವ ರೀತಿ ಇದಕ್ಕೆ ಕಾರಣ. 220 ವ್ಯಾಟ್ ಎಂದು ಬರೆದ ಕಾರ್ಡ್ ಸರಾಸರಿ ಅಷ್ಟು ಎಳೆದರೂ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ಹೊತ್ತು ಅದರ ಹತ್ತಿರ ಹತ್ತಿರ ಎರಡರಷ್ಟು ಕೇಳಬಹುದು. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡ ಇಂಥ ಏರಿಳಿತವನ್ನು ಎಸ್‌ಎಂಪಿಎಸ್ ತಾಳಿಕೊಳ್ಳಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಅದಕ್ಕಿಂತ ಹಳೆಯ, ಅಗ್ಗದ ಅಥವಾ ಒಳಗಿನ ಕೆಪಾಸಿಟರ್ ಒಣಗಿದ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಸಾಲು ಆ ಕ್ಷಣಕ್ಕೆ ಕುಸಿಯುತ್ತದೆ. ಶೇ. 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ, ಅಂದರೆ 11.4 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಮಲ್ಟಿಮೀಟರ್ ಇದ್ದವರು ನಾಲ್ಕು ಪಿನ್ನಿನ ಖಾಲಿ ಕನೆಕ್ಟರ್‌ನ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಅಳೆಯಬಹುದು. ನಿಧಾನವಾಗಿ ಇಳಿಯುವ ವೋಲ್ಟೇಜ್ ಅದರಲ್ಲಿ ಕಾಣುತ್ತದೆ, ಕಣ್ಣು ಮಿಟುಕಿಸುವುದರೊಳಗಿನ ಕುಸಿತ ಕಾಣುವುದಿಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗೆ ಮುನ್ನೂರಕ್ಕೂ ಹೆಚ್ಚು ವೋಲ್ಟ್ ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಲಕಾಲ ಉಳಿದಿರಬಹುದು.

ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಪರೀಕ್ಷೆ ಬೇರೊಂದಿದೆ. ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ ಅನ್ನು ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಲ್ಲಿ ಶೇ. 70ಕ್ಕೆ ಇಳಿಸಿ, ಆಟವನ್ನು 60 ಫ್ರೇಮ್‌ಗೆ ಕಟ್ಟಿಹಾಕಿ ಆಡಿ. ಆಫ್ ಆಗುವುದು ಪೂರ್ತಿ ನಿಂತರೆ ಅನುಮಾನ ಕರೆಂಟಿನ ಕಡೆಗೆ ಅಥವಾ ಕಾರ್ಡಿನ ಕಡೆಗೆ ಗಟ್ಟಿಯಾಗುತ್ತದೆ. ರ್‍ಯಾಮ್ ಕೆಟ್ಟಿದ್ದರೆ ಇದರಿಂದ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಕಾರ್ಡಿಗೆ ಎರಡು ಪವರ್ ಸಾಕೆಟ್ ಇದ್ದು, ಒಂದೇ ಕೇಬಲ್ಲಿನ ಎರಡು ತಲೆಗಳನ್ನು ಅವಕ್ಕೆ ಸಿಕ್ಕಿಸಿದ್ದರೆ ಬೇರೆ ಬೇರೆ ಕೇಬಲ್ ಹಾಕಿ ನೋಡಿ.

ನಮ್ಮ ಊರುಗಳಲ್ಲಿ ನಾಲ್ಕನೆಯವನೊಬ್ಬ ಮೇಜಿನ ಕೆಳಗೆ ಕೂತಿರುತ್ತಾನೆ, ಯುಪಿಎಸ್. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ನಿಜವಾಗಿ ಕೊಡಬಲ್ಲದ್ದು ಸುಮಾರು 360 ವ್ಯಾಟ್. ಕಾರ್ಡ್ 220, ಪ್ರೊಸೆಸರ್ 100, ಮಿಕ್ಕಿದ್ದು 50 ಎಂದರೂ 370 ಆಗಿಹೋಯಿತು, ಮಾನಿಟರ್ ಇನ್ನೂ ಸೇರಿಲ್ಲ. ಸಂಜೆ ವೋಲ್ಟೇಜ್ ಇಳಿದು ಯುಪಿಎಸ್ ಬ್ಯಾಟರಿಗೆ ಜಾರಿದ ಕ್ಷಣ ಅದು ಕೈಚೆಲ್ಲುತ್ತದೆ. ಆಟದ ನಡುವೆ ಯಂತ್ರ ಆಫ್ ಆಗುತ್ತಿದ್ದರೆ ಎಸ್‌ಎಂಪಿಎಸ್ ಕೊಳ್ಳುವ ಮೊದಲು ಒಂದು ದಿನ ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕಿ ಆಡಿ ನೋಡುವುದು ಮೇಲು.

ಡ್ರೈವರ್ ಹಠಮಾರಿ, ಒಂದೇ ರಾಗ

ಡ್ರೈವರ್ ಎಂದರೆ ವಿಂಡೋಸ್ ಮತ್ತು ಯಂತ್ರಾಂಶದ ನಡುವಿನ ದುಭಾಷಿ. ವಿಂಡೋಸ್‌ನ ಒಳಮನೆಯಲ್ಲೇ ಅದರ ಓಡಾಟವಾದ್ದರಿಂದ ಅದು ಎಡವಿದರೆ ಇಡೀ ಮನೆ ಬೀಳುತ್ತದೆ. ಆದರೆ ಅದು ಬರಹ. ಅದರಲ್ಲಿರುವ ತಪ್ಪು ಪ್ರತಿ ಸಲ ಅದೇ ಜಾಗದಲ್ಲಿರುತ್ತದೆ. ಆದ್ದರಿಂದ ಕೆಟ್ಟ ಡ್ರೈವರ್ ತರುವ ನೀಲಿ ಸಾಮಾನ್ಯವಾಗಿ ಅದೇ ಕೋಡ್, ಅದೇ ಫೈಲಿನ ಹೆಸರು, ಹಲವು ಸಲ ಅದೇ ಆಟ. ಜೊತೆಗೆ ಅದಕ್ಕೊಂದು ಹುಟ್ಟಿದ ದಿನವಿರುತ್ತದೆ: ಅಪ್‌ಡೇಟ್ ಆದ ಮರುದಿನದಿಂದ ಶುರು.

ಆಟಗಾರರು ಹೆಚ್ಚಾಗಿ ಕಾಣುವುದು VIDEO_TDR_FAILURE, ಅಂದರೆ 0x116. ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸ ಕೊಟ್ಟು ವಿಂಡೋಸ್ ಎರಡು ಸೆಕೆಂಡ್ ಕಾಯುತ್ತದೆ. ಉತ್ತರ ಬಾರದಿದ್ದರೆ ಡ್ರೈವರನ್ನು ಮತ್ತೆ ಚಾಲೂ ಮಾಡಲು ನೋಡುತ್ತದೆ. ಅದು ಫಲಿಸಿದರೆ ತೆರೆ ಒಂದು ಕ್ಷಣ ಕಪ್ಪಾಗಿ ಆಟವಷ್ಟೇ ಮುಚ್ಚಿಕೊಳ್ಳುತ್ತದೆ, ಫಲಿಸದಿದ್ದರೆ ನೀಲಿ. ಎನ್ವಿಡಿಯಾ ಕಾರ್ಡ್ ಇದ್ದವರಿಗೆ ಅದರ ಜೊತೆ nvlddmkm.sys ಎಂಬ ಹೆಸರು ಕಾಣುತ್ತದೆ. ಹೆಸರು ಕಂಡಿತೆಂದು ಅದನ್ನೇ ಹಿಡಿದುಕೊಳ್ಳಬಾರದು. ಕಾರ್ಡ್‌ಗೆ ಕರೆಂಟ್ ಸಾಲದಿದ್ದರೂ, ಅದು ಕಾದು ಕೆಂಪಾಗಿದ್ದರೂ ಉತ್ತರ ತಡವಾಗುತ್ತದೆ, ದೂರು ಮಾತ್ರ ಡ್ರೈವರ್ ಹೆಸರಿನಲ್ಲಿ ದಾಖಲಾಗುತ್ತದೆ.

ಡ್ರೈವರ್ ಮೇಲಿನ ಅನುಮಾನವನ್ನು ಖರ್ಚಿಲ್ಲದೆ ತೀರಿಸಿಕೊಳ್ಳಬಹುದು. ಬೇಕಾದ ಹಳೆಯ ಆವೃತ್ತಿಯನ್ನು ತಯಾರಕರ ತಾಣದಿಂದ ಮೊದಲೇ ಇಳಿಸಿಟ್ಟುಕೊಂಡು ಇಂಟರ್ನೆಟ್ ತೆಗೆದುಹಾಕಿ, ಇಲ್ಲದಿದ್ದರೆ ವಿಂಡೋಸ್ ನಡುವೆ ತನ್ನದೇ ಡ್ರೈವರ್ ತಂದು ತುರುಕುತ್ತದೆ. ಸೇಫ್ ಮೋಡ್‌ನಲ್ಲಿ ಡಿಡಿಯು ಎಂದು ಕರೆಯುವ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಓಡಿಸಿ ಹಳೆಯದನ್ನು ಬೇರುಸಮೇತ ತೆಗೆಯಿರಿ. ಆಮೇಲೆ, ಹಿಂದೆ ತಕರಾರಿಲ್ಲದೆ ನಡೆಯುತ್ತಿದ್ದ ಆವೃತ್ತಿಯನ್ನು ಹಾಕಿ. ಅದರಲ್ಲೂ ನೀಲಿ ಬಂದರೆ ಗ್ರಾಫಿಕ್ಸ್ ಡ್ರೈವರ್ ಬಹುಮಟ್ಟಿಗೆ ನಿರ್ದೋಷಿ. ಆನ್‌ಲೈನ್ ಆಟದಲ್ಲಷ್ಟೇ ಬರುತ್ತಿದ್ದರೆ ವೈಫೈ ಅಥವಾ ಲ್ಯಾನ್ ಡ್ರೈವರ್, ಮೋಸ ತಡೆಯಲೆಂದು ಆಟವೇ ಹಾಕುವ ಡ್ರೈವರ್, ಇವುಗಳ ಕಡೆಗೂ ನೋಡಬೇಕು.

ರ್‍ಯಾಮ್‌ಗೆ ದಿನಕ್ಕೊಂದು ವೇಷ

ರ್‍ಯಾಮ್ ಕೆಟ್ಟಾಗ ಸಿಗುವ ಗುರುತು ಇದಕ್ಕೆ ತದ್ವಿರುದ್ಧ. ಸೋರುವ ಬಿಟ್ ಮೇಲೆ ಇಂದು ಆಟದ ಚಿತ್ರ ಕೂತಿರಬಹುದು, ನಾಳೆ ಹಾರ್ಡ್ ಡಿಸ್ಕ್ ಡ್ರೈವರ್‌ನ ಒಂದು ವಿಳಾಸ, ನಾಳಿದ್ದು ವಿಂಡೋಸ್‌ನದೇ ಒಂದು ಪಟ್ಟಿ. ಯಾರ ಕಾಲು ತೂತಿಗೆ ಬಿತ್ತೋ ಅವರ ಹೆಸರಿನಲ್ಲಿ ನೀಲಿ ಬರುತ್ತದೆ. ಹಾಗಾಗಿ ಕೋಡ್ ಪ್ರತಿ ಸಲ ಬದಲು, ಫೈಲಿನ ಹೆಸರೂ ಬದಲು.

ಒಂದು ಕೋಡ್ ನೋಡಿ ರ್‍ಯಾಮ್ ಎಂದುಬಿಡುವುದೂ ತಪ್ಪಾಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿಯಾದವು, ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಚೆಕ್‌ಇನ್ ತಡವಾಯಿತು. ಅಂದು ತೆರೆಯ ಮೇಲೆ ಬಂದದ್ದು PAGE_FAULT_IN_NONPAGED_AREA. ಕೆಟ್ಟ ರ್‍ಯಾಮ್ ಕೂಡ ಇದೇ ಕೋಡ್ ಕೊಡುತ್ತದೆ. ಆದರೆ ಅಂದು ಆ ಯಂತ್ರಗಳ ರ್‍ಯಾಮ್ ಚೆನ್ನಾಗಿಯೇ ಇತ್ತು, ತಪ್ಪಿದ್ದು ಡ್ರೈವರ್. ನಂಬಬೇಕಾದದ್ದು ಹಲವು ನೀಲಿಗಳ ನಡುವಿನ ಹೋಲಿಕೆಯನ್ನು, ಒಂಟಿ ಕೋಡನ್ನಲ್ಲ.

ಆ ಹೋಲಿಕೆ ನೋಡಲು C:\Windows\Minidump ಫೋಲ್ಡರ್ ತೆರೆಯಬೇಕು. ನೀಲಿಯೊಂದಕ್ಕೆ ಒಂದು ಫೈಲ್ ಅಲ್ಲಿರುತ್ತದೆ. ಮೈಕ್ರೋಸಾಫ್ಟ್‌ನವರೇ ಉಚಿತವಾಗಿ ಕೊಡುವ WinDbg ಎಂಬ ತಂತ್ರಾಂಶದಲ್ಲಿ ಅದನ್ನು ತೆರೆದು ಈ ಒಂದು ಸಾಲು ಕೊಟ್ಟರೆ ಕೋಡೂ ಫೈಲಿನ ಹೆಸರೂ ಸಿಗುತ್ತವೆ:

```
!analyze -v
```

ತಂಗಿಯ ಮಗನ ಆರು ಡಂಪ್‌ಗಳನ್ನು ಫೋನಿನಲ್ಲೇ ಮಾತಾಡಿಕೊಂಡು ಒಂದೊಂದಾಗಿ ತೆರೆದೆವು. ಎರಡರಲ್ಲಿ MEMORY_MANAGEMENT. ಒಂದರಲ್ಲಿ PAGE_FAULT_IN_NONPAGED_AREA, ಅದರ ಫೈಲ್ ಡಿಸ್ಕ್‌ಗೆ ಸಂಬಂಧಿಸಿದ Ntfs.sys. ಒಂದರಲ್ಲಿ SYSTEM_SERVICE_EXCEPTION, ಇನ್ನೊಂದರಲ್ಲಿ KERNEL_SECURITY_CHECK_FAILURE. ಆರನೆಯದರಲ್ಲಿ ಮಾತ್ರ ಗ್ರಾಫಿಕ್ಸ್ ಡ್ರೈವರ್‌ನ ಹೆಸರಿತ್ತು. ಗೆಳೆಯ ನೋಡಿದ್ದು ಆ ಆರನೆಯದನ್ನು.

"ಬೇರೆ ಏನಾದ್ರೂ ವಿಚಿತ್ರ ಆಗಿತ್ತೇನೋ, ಆಟ ಬಿಟ್ಟು?" ಎಂದು ಕೇಳಿದೆ.

ಸ್ವಲ್ಪ ಯೋಚಿಸಿ ಹೇಳಿದ: "ಹೌದು ಮಾವ. ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಎರಡು ಸಲ ಸಿಆರ್‌ಸಿ ಎರರ್ ಬಂತು. ಡೌನ್‌ಲೋಡ್ ಸರಿ ಆಗಿಲ್ಲ ಅಂತ ಸುಮ್ಮನಾದೆ."

ಅದೇ ಫೈಲ್ ಮೂರನೇ ಸಲ ತಾನಾಗಿ ಬಿಚ್ಚಿಕೊಂಡಿತ್ತಂತೆ. ಡೌನ್‌ಲೋಡ್ ಕೆಟ್ಟಿದ್ದರೆ ಮೂರನೇ ಸಲವೂ ಕೆಟ್ಟೇ ಇರಬೇಕಿತ್ತು.

ತೂತು ಹುಡುಕಿದ ರಾತ್ರಿ

ಅವನ ಯಂತ್ರದಲ್ಲಿ ಮೊದಲು ಒಂದೇ 8 ಜಿಬಿ ಸ್ಟಿಕ್ ಇತ್ತು. ದಸರಾ ರಜೆಯಲ್ಲಿ ಇನ್ನೊಂದು 8 ಜಿಬಿ ಸೇರಿಸಿದ್ದ. ನೀಲಿ ಶುರುವಾದದ್ದು ಮಾರ್ಚ್‌ನಲ್ಲಿ, ಹೊಸ ಆಟ ಹಾಕಿದ ಮೇಲೆ. ನಡುವೆ ಐದು ತಿಂಗಳು ಕಳೆದಿದ್ದರಿಂದ ಎರಡನ್ನೂ ಯಾರೂ ಜೋಡಿಸಿ ನೋಡಿರಲಿಲ್ಲ. ಹಳೆಯ ಆಟಕ್ಕೆ ಆರು ಜಿಬಿ ಸಾಕಿತ್ತು, ಹೊಸದು ಹನ್ನೆರಡು ಜಿಬಿ ತುಂಬಿಸುತ್ತಿತ್ತು.

ಮೊದಲು ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆಫ್ ಮಾಡಿಸಿದೆ. ರ್‍ಯಾಮ್ ಡಬ್ಬಿಯ ಮೇಲೆ ಬರೆದ 3200 ವೇಗ ಈ ಸೆಟ್ಟಿಂಗ್ ಇದ್ದರೆ ಮಾತ್ರ ಸಿಗುತ್ತದೆ, ಅದಕ್ಕೆ ವೋಲ್ಟೇಜ್ ಕೂಡ 1.2ರಿಂದ 1.35ಕ್ಕೆ ಏರುತ್ತದೆ. ಆಫ್ ಮಾಡಿದಾಗ ಅವನ ರ್‍ಯಾಮ್ 2400ಕ್ಕೆ ಇಳಿಯಿತು. ಮೂರು ದಿನ, ದಿನಕ್ಕೆ ಎರಡು ಗಂಟೆ ಆಡಿದ. ಒಂದೂ ನೀಲಿ ಇಲ್ಲ. ಮುಕ್ಕಾಲು ಗಂಟೆಗೊಮ್ಮೆ ಬರುತ್ತಿದ್ದ ತೊಂದರೆಗೆ ಅರ್ಧ ಗಂಟೆಯ ನೆಮ್ಮದಿ ಸಾಕ್ಷಿಯಾಗದು, ಅದರ ಮೂರು ನಾಲ್ಕು ಪಟ್ಟಾದರೂ ಕಾಯಬೇಕು.

ಆಮೇಲೆ ಎಕ್ಸ್‌ಎಂಪಿ ಮರಳಿ ಹಾಕಿಸಿ, ಪೆನ್‌ಡ್ರೈವ್‌ನಿಂದ MemTest86 ಓಡಿಸಿದೆವು. ವಿಂಡೋಸ್ ಏಳುವ ಮೊದಲೇ ಇದು ಓಡುವುದರಿಂದ ಡ್ರೈವರ್‌ಗೆ ಇಲ್ಲಿ ಯಾವ ಪಾತ್ರವೂ ಇಲ್ಲ. ರ್‍ಯಾಮ್‌ನ ಪ್ರತಿ ಜಾಗದಲ್ಲೂ ಒಂದು ಸಂಖ್ಯೆ ಬರೆದು, ಮತ್ತೆ ಓದಿ, ಎರಡೂ ಒಂದೇ ಇದೆಯೇ ಎಂದು ನೋಡುತ್ತದೆ. ರಾತ್ರಿ ಹತ್ತಕ್ಕೆ ಬಿಟ್ಟು ಮಲಗಿದ. ಮೊದಲ ಸುತ್ತು ನಿರ್ಮಲ. ಅಲ್ಲಿಗೇ ನಿಲ್ಲಿಸಿದ್ದರೆ ರ್‍ಯಾಮ್ ಸರಿಯಿದೆ ಎಂದುಕೊಳ್ಳುತ್ತಿದ್ದೆವು. ಬೆಳಗ್ಗೆ ನೋಡಿದರೆ ಎರಡನೇ ಸುತ್ತಿನಿಂದ ಹದಿನೇಳು ತಪ್ಪು. ಅವನು ಕಳಿಸಿದ ಫೋಟೋದಲ್ಲಿ ಒಂದು ಸಾಲು ಹೀಗಿತ್ತು:

```
Expected: FFFFFFFF
Actual:   FFFFFBFF
```

32 ಬಿಟ್‌ಗಳಲ್ಲಿ 31 ಸರಿ, ಒಂದೇ ಒಂದರಲ್ಲಿ 1 ಇರಬೇಕಾದಲ್ಲಿ 0. ಈ ಪರೀಕ್ಷೆಯಲ್ಲಿ ಪಾಸಾಗಲು ಸೊನ್ನೆ ತಪ್ಪೇ ಬೇಕು. ಹದಿನೇಳು ಕಡಿಮೆ ಎಂಬ ಮಾತಿಲ್ಲ.

ಇನ್ನು ಯಾವ ಸ್ಟಿಕ್ ಎನ್ನುವುದು. ಪ್ಲಗ್ ತೆಗೆದು, ಕ್ಯಾಬಿನೆಟ್‌ನ ಲೋಹ ಮುಟ್ಟಿ, ಒಂದೊಂದೇ ಸ್ಟಿಕ್ ಹಾಕಿ ಮತ್ತೆ ಪರೀಕ್ಷೆ. ಹಳೆಯದು ಎರಡೂ ಸ್ಲಾಟ್‌ನಲ್ಲಿ ಶುದ್ಧ. ಹೊಸದು ಎರಡೂ ಸ್ಲಾಟ್‌ನಲ್ಲಿ ತಪ್ಪು ತೋರಿಸಿತು. ತಪ್ಪು ಸ್ಟಿಕ್ಕಿನ ಹಿಂದೆ ಹೋಯಿತು, ಸ್ಲಾಟಿನಲ್ಲಿ ಉಳಿಯಲಿಲ್ಲ. ಸ್ಲಾಟಿನಲ್ಲೇ ಉಳಿದಿದ್ದರೆ ಮದರ್‌ಬೋರ್ಡ್ ನೋಡಬೇಕಾಗುತ್ತಿತ್ತು. ಎರಡೂ ಸ್ಟಿಕ್ ಒಂಟಿಯಾಗಿ ಶುದ್ಧವಿದ್ದು ಜೊತೆಯಲ್ಲಿ ಮಾತ್ರ ತಪ್ಪಾದರೆ ಅವು ಒಂದಕ್ಕೊಂದು ಹೊಂದುತ್ತಿಲ್ಲ ಎಂದರ್ಥ. ಆಗ ವೇಗವನ್ನು ಒಂದು ಮೆಟ್ಟಿಲು ಇಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ವಾರಂಟಿ ಇತ್ತು, ಸ್ಟಿಕ್ ಬದಲಾಗಿ ಬಂತು. ಎಕ್ಸ್‌ಎಂಪಿ ಹಾಕಿಯೇ ಆಡುತ್ತಿದ್ದಾನೆ, ನೀಲಿ ಮರಳಿಲ್ಲ.

ಎಲ್ಲ ನೀಲಿಯೂ ಈ ಮೂವರಲ್ಲೇ ಮುಗಿಯುವುದಿಲ್ಲ. ಮತ್ತೆ ಮತ್ತೆ WHEA_UNCORRECTABLE_ERROR ಬಂದರೆ ಪ್ರೊಸೆಸರ್, ಅದರ ವೋಲ್ಟೇಜ್ ಮತ್ತು ಬಿಸಿಯ ಕಡೆಗೆ ತಿರುಗಬೇಕು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರ್‌ಗಳಲ್ಲಿ ಆಟದ ನಡುವೆ ಕುಸಿಯುವ ತೊಂದರೆ ಕಂಡು, 2024ರಲ್ಲಿ ಬಯೋಸ್ ಮೂಲಕ ಪರಿಹಾರ ಬಂದದ್ದುಂಟು.

ಶಿವಮೊಗ್ಗದ ಹುಡುಗನ ಹಳೆಯ ಎಸ್‌ಎಂಪಿಎಸ್ ಈಗಲೂ ಮಂಚದ ಕೆಳಗೆ ಡಬ್ಬಿಯಲ್ಲಿದೆ, ಅದಕ್ಕೆ ಏನೂ ಆಗಿಲ್ಲ. ಅದರ ಮೇಲೆ ಅವನೇ ಒಂದು ಚೀಟಿ ಅಂಟಿಸಿದ್ದಾನೆ: "ಚೆನ್ನಾಗಿದೆ. ಮೊದಲು 41 ನೋಡು."